ಖಾರದ ಸಾರಿನ ಪಕ್ಕದ ಲೋಟ

ಜರ್ಮನಿಯ ಕೋಬ್ಲೆಂಜ್ ನಗರದಲ್ಲಿ, ಮೋಸೆಲ್ ನದಿ ರೈನ್ ನದಿಯನ್ನು ಸೇರುವ ಆ ಊರಿನಲ್ಲಿ, ನಾನು ಕೆಲಸದ ನಿಮಿತ್ತ ಮೂರು ವರ್ಷ ಇದ್ದೆ. ಊರಿಗೆ ಹೋಗಿ ಮರಳುವಾಗಲೆಲ್ಲ ಕುಂದಾಪುರದ ಮನೆಯಿಂದ ಬ್ಯಾಡಗಿ ಮೆಣಸು ಮತ್ತು ಅಮ್ಮ ಹುರಿದು ಕಟ್ಟಿಕೊಟ್ಟ ಮಸಾಲೆಯ ಪೊಟ್ಟಣ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಒಂದು ಶನಿವಾರ ಆ ಮಸಾಲೆಯಲ್ಲಿ ಕೋಳಿ ಸಾರು ಮಾಡಿ, ಮನೆಯ ಮಾಲೀಕರಾಗಿದ್ದ ಹಿರಿಯರನ್ನು ಊಟಕ್ಕೆ ಕರೆದೆ. ಅತಿಥಿಗೆ ಒಳ್ಳೆಯದನ್ನೇ ಕೊಡಬೇಕೆಂದು ನನ್ನ ಕೈಗೆ ಸ್ವಲ್ಪ ಭಾರವೇ ಆದ ಬೆಲೆ ಕೊಟ್ಟು ಒಂದು ಕೆಂಪು ವೈನ್ ತಂದಿದ್ದೆ. ಅದರ ಲೇಬಲ್ಲಿನ ಮೇಲೆ ಮದ್ಯಸಾರದ ಪ್ರಮಾಣ ಶೇಕಡಾ 14.5 ಎಂದಿತ್ತು. ಬರಿದೆ ಕುಡಿದಾಗ ಅದು ಕಪ್ಪು ಹಣ್ಣಿನ ಪರಿಮಳದ, ದುಂಡಾದ, ಘನವಾದ ವೈನ್. ಎರಡು ತುತ್ತು ಸಾರು ಉಂಡ ಮೇಲೆ ಅದೇ ವೈನ್ ಗಂಟಲಲ್ಲಿ ಕೆಂಡದಂತೆ ಇಳಿಯಿತು, ವಸಡುಗಳ ಮೇಲೆ ಹಸಿ ಅಡಕೆಯ ಚೊಗರು ಕುಳಿತುಕೊಂಡಿತು, ಹಣ್ಣಿನ ಪರಿಮಳ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸಾರೂ ಕೆಟ್ಟಿತು. ನಲವತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ತಂದ ಕೊತ್ತಂಬರಿ, ಮೆಂತೆಯ ಘಮವೆಲ್ಲ ಹಿಂದೆ ಸರಿದು, ಉರಿ ಮಾತ್ರ ಮುಂದೆ ಬಂತು.

ಆ ಹಿರಿಯರು ಏನನ್ನೂ ಹೇಳದೆ ಕೆಳಗೆ ತಮ್ಮ ಮನೆಗೆ ಹೋಗಿ, ನೆಲಮಾಳಿಗೆಯಿಂದ ಉದ್ದ ಕತ್ತಿನ ಹಸಿರು ಬಾಟಲಿಯೊಂದನ್ನು ತಂದರು. ಮೋಸೆಲ್ ಕಣಿವೆಯ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್. ಲೇಬಲ್ಲಿನ ಮೇಲೆ ಜರ್ಮನ್ ವೈನಿನ ಒಂದು ದರ್ಜೆಯ ಹೆಸರಾದ ಕಾಬಿನೆಟ್ ಎಂಬ ಪದ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಶೇಕಡಾ 8.5. ಮೊದಲ ಗುಟುಕು ಸಿಹಿಯಾಗಿತ್ತು, ನನಗೆ ಸ್ವಲ್ಪ ಹೆಚ್ಚೇ ಸಿಹಿ ಎನ್ನಿಸಿತು. ನಂತರ ಸಾರಿನ ತುತ್ತು, ಆಮೇಲೆ ಮತ್ತೆ ಗುಟುಕು. ಈ ಬಾರಿ ಸಿಹಿ ಎಂಬುದು ಬಹುಮಟ್ಟಿಗೆ ಮರೆಯಾಗಿ, ಹಸಿರು ಸೇಬು ಮತ್ತು ನಿಂಬೆಯ ರುಚಿ ಉಳಿದಿತ್ತು. ಬಾಯಿಯ ಉರಿ ಆರಿರಲಿಲ್ಲ, ಆದರೆ ಅದರ ಮೊನೆ ಮುರಿದಿತ್ತು, ಮತ್ತು ಸಾರಿನ ಮೆಂತೆ ಮತ್ತೆ ನಾಲಗೆಗೆ ಸಿಕ್ಕಿತು. ಖಾರದ ಊಟದ ಪಕ್ಕದಲ್ಲಿ ಯಾವ ಲೋಟ ಇರಬೇಕು ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಆ ರಾತ್ರಿಯಿಂದ.

ಮೊದಲು ಖಾರ ಎಂದರೇನು ಎಂಬುದನ್ನು ನೋಡಬೇಕು. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಖಾರಕ್ಕೆ ಸ್ಥಾನವಿದೆ, ಆದರೆ ನಾಲಗೆಯ ರುಚಿಮೊಗ್ಗುಗಳ ಮಟ್ಟಿಗೆ ಅದು ರುಚಿಯಲ್ಲ, ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಅಂಶ, ಸುಡುವ ಬಿಸಿಯನ್ನು ಮಿದುಳಿಗೆ ವರದಿ ಮಾಡುವ ನರತುದಿಗಳ ಗ್ರಾಹಕವೊಂದಕ್ಕೆ ಅಂಟಿಕೊಂಡು ಅದನ್ನು ತೆರೆಯುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತೆರೆಯುವ ಬಾಗಿಲು ಇದು. ಕ್ಯಾಪ್ಸೈಸಿನ್ ಬಂದಾಗ, ಬಿಸಿಯಿಲ್ಲದಿದ್ದರೂ ಬಾಗಿಲು ತೆರೆಯುತ್ತದೆ, ಬಾಯಿ ಸುಡುತ್ತಿದೆ ಎಂದು ಮಿದುಳು ನಂಬುತ್ತದೆ, ಬೆವರು ಬರುತ್ತದೆ, ಮೂಗು ಸೋರುತ್ತದೆ. ಕಾಳುಮೆಣಸಿನ ಪೈಪರಿನ್ ಕೂಡ ಇದೇ ಬಾಗಿಲನ್ನೇ ತಟ್ಟುತ್ತದೆ.

ನನ್ನ ಕೆಂಪು ವೈನಿನ ಸೋಲಿಗೆ ಕಾರಣವೂ ಇಲ್ಲಿಯೇ ಇದೆ. ಮದ್ಯಸಾರವೂ ಅದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಅದರ ಸಮ್ಮುಖದಲ್ಲಿ ಬಾಗಿಲು ತೆರೆಯುವ ಮಟ್ಟ ಸುಮಾರು 34 ಡಿಗ್ರಿಗೆ ಇಳಿಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಕೊಳ್ಳಲಾಗಿದೆ. ಅಂದರೆ ದೇಹದ ಸಹಜ ಬಿಸಿಯೇ ಸುಡುವ ಬಿಸಿಯಾಗಿ ತೋರುತ್ತದೆ. ಬ್ರಾಂದಿ ಗಂಟಲಲ್ಲಿ ಉರಿಯುವುದು, ಗಾಯಕ್ಕೆ ಸ್ಪಿರಿಟ್ ಹಚ್ಚಿದಾಗ ಚುರುಗುಟ್ಟುವುದು ಇದೇ ಕಾರಣಕ್ಕೆ. ಆದ್ದರಿಂದ ಮೆಣಸಿನ ಸಾರಿನ ಮೇಲೆ ಶೇಕಡಾ 14.5ರ ವೈನ್ ಕುಡಿಯುವುದೆಂದರೆ, ಖಾರದ ಮೇಲೆ ಇನ್ನೊಂದು ಖಾರವನ್ನು ಸುರಿದಂತೆ. ಖಾರವು ಮದ್ಯಸಾರದ ಉರಿಯನ್ನು ಎತ್ತಿ ತೋರಿಸುತ್ತದೆ, ಮದ್ಯಸಾರವು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಲೋಟದಲ್ಲಿ ಬೇರೆ ಏನೇ ಗುಣವಿದ್ದರೂ ಈ ಒಂದು ಸಂಖ್ಯೆ ಹೆಚ್ಚಾದರೆ ಉಳಿದದ್ದೆಲ್ಲ ವ್ಯರ್ಥ ಎಂಬುದು ನನ್ನ ಅನುಭವ. ಹಾಗಾಗಿ ಬಾಟಲಿ ಕೈಗೆ ಬಂದೊಡನೆ ನಾನು ಮೊದಲು ನೋಡುವುದು ದ್ರಾಕ್ಷಿಯ ಹೆಸರನ್ನಲ್ಲ, ಆ ಶೇಕಡಾವಾರನ್ನು.

ಇದಕ್ಕೆ ಎದುರಾಗಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ, ಆದ್ದರಿಂದ ಮದ್ಯ ಹೆಚ್ಚಿದ್ದಷ್ಟೂ ಖಾರ ತೊಳೆದುಹೋಗಬೇಕಲ್ಲವೇ ಎಂದು. ಮಾತಿನ ಮೊದಲರ್ಧ ನಿಜ. ಆದರೆ ವೈನಿನಲ್ಲಿ ಸುಮಾರು ಶೇಕಡಾ 85 ಭಾಗ ನೀರೇ, ಬಿಯರಿನಲ್ಲಿ ಇನ್ನೂ ಹೆಚ್ಚು. ಅಷ್ಟು ತೆಳುವಾದ ಮದ್ಯಸಾರ ಬಾಯಿಯ ಖಾರವನ್ನು ಗಣನೀಯವಾಗಿ ಕರಗಿಸಿ ಒಯ್ಯಲಾರದು. ಕರಗಿಸುವಷ್ಟು ತೀಕ್ಷ್ಣವಾದದ್ದನ್ನು ಬಾಯಿಗೆ ಹಾಕಿಕೊಂಡರೆ ಅದರ ಸ್ವಂತ ಉರಿಯೇ ಸಾಕಷ್ಟಾಗುತ್ತದೆ.

ಇನ್ನು ಸಿಹಿಯ ವಿಚಾರ. ಚಿಕ್ಕಂದಿನಲ್ಲಿ ಸಾರು ಖಾರವಾಗಿ ಕಣ್ಣಲ್ಲಿ ನೀರು ಬಂದರೆ ಅಮ್ಮ ನೀರಿನ ಚೆಂಬನ್ನು ಪಕ್ಕಕ್ಕೆ ಸರಿಸಿ, "ನೀರು ಕುಡೀಬೇಡ, ಒಂಚೂರು ಬೆಲ್ಲ ಬಾಯಿಗೆ ಹಾಕ್ಕೋ" ಎನ್ನುತ್ತಿದ್ದರು. ಕರಾವಳಿಯ ಅಡುಗೆಯಲ್ಲಿ ಹುಳಿಗೂ ಸಾರಿಗೂ ಬೆಲ್ಲದ ಚೂರು ಬೀಳುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞ 1912ರಲ್ಲಿ ಮೆಣಸಿನಕಾಯಿಯ ಖಾರವನ್ನು ಅಳೆಯಲು ಹೂಡಿದ ಉಪಾಯ ನೋಡಿದರೆ ಅಮ್ಮನ ಮಾತು ನೆನಪಾಗುತ್ತದೆ. ಆತ ಮೆಣಸಿನ ಖಾರವನ್ನು ಮದ್ಯಸಾರದಲ್ಲಿ ಇಳಿಸಿ, ಅದಕ್ಕೆ ಸಕ್ಕರೆ ನೀರನ್ನು ಬೆರೆಸುತ್ತ ಹೋಗಿ, ಖಾರ ನಾಲಗೆಗೆ ತಿಳಿಯದಂತಾಗಲು ಎಷ್ಟು ಪಟ್ಟು ಬೆರೆಸಬೇಕಾಯಿತು ಎಂಬುದನ್ನು ಎಣಿಸಿದ. ಇಂದಿಗೂ ಮೆಣಸಿನ ಖಾರವನ್ನು ಆತನ ಹೆಸರಿನ ಮಾನದಲ್ಲಿಯೇ ಹೇಳುತ್ತೇವೆ.

ಸಕ್ಕರೆ ಕ್ಯಾಪ್ಸೈಸಿನ್ನನ್ನು ನರತುದಿಯಿಂದ ಕಿತ್ತು ಒಯ್ಯುವುದಿಲ್ಲ. ಹಾಲು, ಮಜ್ಜಿಗೆಗಳು ಹಾಗೆ ಮಾಡಬಲ್ಲವು, ಏಕೆಂದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಖಾರವನ್ನು ಹಿಡಿದುಕೊಳ್ಳುತ್ತದೆ. ಸಿಹಿ ಮಾಡುವುದು ಬೇರೆ ಕೆಲಸ: ಬಾಯಿಯಿಂದ ಒಟ್ಟಿಗೆ ಹೊರಡುವ ಎರಡು ಬಲವಾದ ಸಂವೇದನೆಗಳಲ್ಲಿ ಒಂದು ಇನ್ನೊಂದನ್ನು ತಗ್ಗಿಸುತ್ತದೆ. ಕಷಾಯದ ಕಹಿಯನ್ನು ಜೇನುತುಪ್ಪ ತಗ್ಗಿಸುವಂತೆ, ಉರಿಯ ತೀವ್ರತೆಯನ್ನು ಸಿಹಿ ತಗ್ಗಿಸುತ್ತದೆ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯುವುದರಿಂದ, ಖಾರವೂ ಸಿಹಿಯನ್ನು ತಗ್ಗಿಸುತ್ತದೆ. ಬರಿದೆ ಕುಡಿದಾಗ ಹೆಚ್ಚು ಸಿಹಿ ಎನಿಸಿದ ಕಾಬಿನೆಟ್ ಸಾರಿನ ಜೊತೆಗೆ ಹದವಾಗಿ ತೋರಿದ್ದು ಇದರಿಂದಲೇ. ಡ್ರೈ ಎನ್ನುವ, ಸಕ್ಕರೆ ಉಳಿದಿಲ್ಲದ ವೈನಿಗೆ ಹೀಗೆ ಬಿಟ್ಟುಕೊಡಲು ಏನೂ ಇರುವುದಿಲ್ಲ. ಖಾರದ ಮುಂದೆ ಅದರ ಹಣ್ಣಿನ ಗುಣ ಕುಗ್ಗಿ, ಹುಳಿ ಮತ್ತು ಕಹಿ ಮಾತ್ರ ಎದ್ದು ನಿಲ್ಲುತ್ತವೆ.

ಸಿಹಿ ಮತ್ತು ಕಡಿಮೆ ಮದ್ಯಸಾರ ಎರಡೂ ಒಂದೇ ಬಾಟಲಿಯಲ್ಲಿ ಸಿಗುವುದು ಆಕಸ್ಮಿಕವಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ವೈನಿನ ಮದ್ಯಸಾರವೆಲ್ಲ ದ್ರಾಕ್ಷಿಯ ಸಕ್ಕರೆಯಿಂದಲೇ ಬರುತ್ತದೆ. ಯೀಸ್ಟ್ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ತಿಂದರೆ ಶೇಕಡಾ 1ರಷ್ಟು ಮದ್ಯಸಾರ ಹುಟ್ಟುತ್ತದೆ. ಮೋಸೆಲ್ ಕಣಿವೆಯ ಕಡಿದಾದ ಸ್ಲೇಟುಕಲ್ಲಿನ ಇಳಿಜಾರುಗಳಲ್ಲಿ ಬೆಳೆದ ದ್ರಾಕ್ಷಿಯ ರಸದಲ್ಲಿ ಲೀಟರಿಗೆ 185 ಗ್ರಾಂ ಸಕ್ಕರೆ ಇದೆ ಎಂದುಕೊಳ್ಳೋಣ. ಯೀಸ್ಟಿಗೆ ಪೂರ್ತಿ ಬಿಟ್ಟರೆ ಸುಮಾರು ಶೇಕಡಾ 11ರ ಡ್ರೈ ವೈನ್ ಆಗುತ್ತದೆ. ಮಾಡುವವರು ಅದು 8.5ಕ್ಕೆ ಮುಟ್ಟಿದಾಗ ತೊಟ್ಟಿಯನ್ನು ಚೆನ್ನಾಗಿ ತಣಿಸಿ, ಯೀಸ್ಟನ್ನು ಸೋಸಿ ತೆಗೆದು ನಿಲ್ಲಿಸಿಬಿಟ್ಟರೆ, ಖರ್ಚಾದದ್ದು ಸುಮಾರು 145 ಗ್ರಾಂ, ಉಳಿದದ್ದು 40. ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿಯೇ ಸಿಹಿಯೂ ಸೌಮ್ಯತೆಯೂ ನಿರ್ಧಾರವಾಗುತ್ತವೆ. ಆದ್ದರಿಂದ ಜರ್ಮನ್ ಬಾಟಲಿಯ ಮೇಲಿನ ಕಷ್ಟದ ಪದಗಳು ಓದಲು ಬಾರದಿದ್ದರೂ ಚಿಂತೆಯಿಲ್ಲ: ರೀಸ್ಲಿಂಗ್ ಎಂದಿದ್ದು ಸಂಖ್ಯೆ 8 ಅಥವಾ 9ರ ಆಸುಪಾಸಿನಲ್ಲಿದ್ದರೆ ಸಕ್ಕರೆ ಉಳಿದಿದೆ ಎಂದೇ ಅರ್ಥ, 12ರ ಮೇಲಿದ್ದರೆ ಬಹುಮಟ್ಟಿಗೆ ಡ್ರೈ. ಟ್ರೊಕೆನ್ ಎಂಬ ಪದ ಕಂಡರೆ ಉಳಿದ ಸಕ್ಕರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ; ಅದನ್ನು ಖಾರದ ಊಟಕ್ಕೆ ಒಯ್ಯಬಾರದು.

ಲೀಟರಿಗೆ 40 ಗ್ರಾಂ ಎಂದರೆ 150 ಮಿಲಿ ಲೋಟದಲ್ಲಿ 6 ಗ್ರಾಂ, ಒಂದೂವರೆ ಚಮಚ ಸಕ್ಕರೆ. ಕೋಲಾ ಪಾನೀಯಗಳಲ್ಲಿ ಲೀಟರಿಗೆ 100 ಗ್ರಾಮಿಗೂ ಹೆಚ್ಚು ಇರುತ್ತದೆ. ಹೀಗಿದ್ದೂ ಈ ವೈನ್ ಪಾನಕದಂತೆ ಅಂಟಂಟಾಗದಿರಲು ಅದರ ಹುಳಿ ಕಾರಣ. ತಂಪು ಪ್ರದೇಶದ ರೀಸ್ಲಿಂಗ್ ದ್ರಾಕ್ಷಿಯಲ್ಲಿ ಹುಳಿ ಬಹಳ. ನಿಂಬೆ ಶರಬತ್ತಿನಲ್ಲಿ ನಿಂಬೆ ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಹುಳಿ ಬಾಯಿಯಲ್ಲಿ ನೀರೂರಿಸುತ್ತದೆ, ತೆಂಗಿನ ಹಾಲಿನ ಜಿಡ್ಡನ್ನು ಕತ್ತರಿಸುತ್ತದೆ, ಮುಂದಿನ ತುತ್ತಿಗೆ ಬಾಯಿಯನ್ನು ಸಿದ್ಧಗೊಳಿಸುತ್ತದೆ. ಹುಳಿಯಿಲ್ಲದ ಸಿಹಿ ವೈನ್ ಮೊದಲ ಎರಡು ಗುಟುಕಿಗೆ ಚೆನ್ನಾಗಿದ್ದು, ಮೂರನೆಯದರಿಂದ ಮುಖ ಕಟ್ಟಿಸುತ್ತದೆ. ಪರಿಮಳಕ್ಕೆ ಹೆಸರಾದ ಗೆವುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿಯ ವೈನನ್ನು ಭಾರತೀಯ ಊಟಕ್ಕೆಂದು ಅನೇಕರು ಶಿಫಾರಸು ಮಾಡುತ್ತಾರೆ. ಅದರ ಗುಲಾಬಿಯ ಘಮ ಏಲಕ್ಕಿ, ಶುಂಠಿಗಳ ಪಕ್ಕದಲ್ಲಿ ಸೊಗಸಾಗಿಯೇ ಇರುತ್ತದೆ, ಆದರೆ ಹುಳಿ ಕಡಿಮೆ, ಮದ್ಯಸಾರ ಹಲವು ಬಾರಿ 13 ದಾಟಿರುತ್ತದೆ, ಕೊನೆಗೊಂದು ಸಣ್ಣ ಕಹಿಯೂ ಉಂಟು. ಕುರ್ಮಾಕ್ಕೆ ಅದನ್ನು ಒಪ್ಪಿಯೇನು, ಮೆಣಸಿನ ಸಾರಿಗೆ ಒಪ್ಪಲಾರೆ.

ಕೆಂಪು ವೈನಿನ ಇನ್ನೊಂದು ತೊಡಕಿಗೆ ಕನ್ನಡದಲ್ಲಿ ಚೊಕ್ಕ ಪದವಿದೆ, ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಟ್ಟಿಸುವುದರಿಂದ ಬಾಯಿಯ ನುಣುಪು ಹೋಗಿ ತರಿತರಿಯಾಗುತ್ತದೆ. ಉರಿಯುತ್ತಿರುವ ಬಾಯಿಯಲ್ಲಿ ಆ ತರಿ ಮರಳುಕಾಗದ ಉಜ್ಜಿದಂತೆ ತೋರುತ್ತದೆ. ಬಿಳಿ ವೈನಿನಲ್ಲಿ ಸಿಪ್ಪೆಯನ್ನು ರಸದೊಂದಿಗೆ ನೆನೆಸುವುದಿಲ್ಲವಾದ್ದರಿಂದ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ.

ಬಿಯರಿಗೆ ಬರೋಣ, ನಮ್ಮಲ್ಲಿ ಹೆಚ್ಚಿನವರ ಕೈಗೆ ಸುಲಭವಾಗಿ ಸಿಗುವುದು ಅದೇ. ಬೆಂಗಳೂರಿನ ಅಂಗಡಿಯಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಎರಡು 650 ಮಿಲಿ ಬಾಟಲಿಗಳು ಅಕ್ಕಪಕ್ಕ ನಿಂತಿರುತ್ತವೆ: ಒಂದರಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಮದ್ಯಸಾರದ ಸಾದಾ ಲಾಗರ್, ಇನ್ನೊಂದರಲ್ಲಿ 8ರವರೆಗೂ ಹೋಗುವ ಸ್ಟ್ರಾಂಗ್. ಖಾರದ ಊಟಕ್ಕೆ ನಮ್ಮಲ್ಲಿ ಸ್ಟ್ರಾಂಗ್ ತರುವ ವಾಡಿಕೆಯೇ ಹೆಚ್ಚು, ಮತ್ತು ಅದು ತಪ್ಪು ಆಯ್ಕೆ ಎಂದು ನನ್ನ ಖಚಿತ ಅಭಿಪ್ರಾಯ. ಸ್ಟ್ರಾಂಗ್ ಬಿಯರಿನಲ್ಲಿ ಒಂದು ಬಗೆಯ ಸಿಹಿ ತೋರುವುದು ನಿಜ, ಆದರೆ ನುಂಗುವಾಗ ಬರುವ ಮದ್ಯಸಾರದ ಬಿಸಿ ಆ ಸಿಹಿಯ ಉಪಕಾರವನ್ನೆಲ್ಲ ನುಂಗಿಹಾಕುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಖಾರ ಬಾಯಾರಿಕೆಯನ್ನು ತರುತ್ತದೆ, ಬಾಯಾರಿದವನು ದೊಡ್ಡ ಗುಟುಕು ಕುಡಿಯುತ್ತಾನೆ. 650 ಮಿಲಿಯ 8ರ ಬಾಟಲಿಯಲ್ಲಿ 52 ಮಿಲಿ ಶುದ್ಧ ಮದ್ಯಸಾರವಿದೆ, 330 ಮಿಲಿಯ 5ರ ಪಿಂಟಿನಲ್ಲಿ 16 ಮಿಲಿ ಚಿಲ್ಲರೆ. ಉರಿಯನ್ನು ಆರಿಸಿಕೊಳ್ಳುವ ಆತುರದಲ್ಲಿ ಮೊದಲನೆಯದನ್ನು ಖಾಲಿ ಮಾಡಿದವನಿಗೆ ಊಟದ ರುಚಿ ಕೊನೆಯ ತನಕ ನೆನಪಿರುವುದು ಕಷ್ಟ. ಬಾಯಾರಿಕೆಗೆಂದು ಮೇಜಿನ ಮೇಲೆ ನೀರು ಬೇರೆಯಾಗಿಯೇ ಇರಬೇಕು.

ಬಿಯರಿನಲ್ಲಿ ಮದ್ಯಸಾರದ ನಂತರ ನೋಡಬೇಕಾದದ್ದು ಕಹಿ. ಹಾಪ್ಸ್ ಹೂವಿನಿಂದ ಬರುವ ಕಹಿ, ಖಾರದ ಜೊತೆ ಸೇರಿದಾಗ ಇಮ್ಮಡಿಯಾದಂತೆ ತೋರಿ ನಾಲಗೆಯ ಬುಡದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಗೆಯ ಬಿಯರು ಭಾರತದ ಹೆಸರನ್ನು ಹೊತ್ತಿದೆ ಎಂಬ ಕಾರಣಕ್ಕೆ ಭಾರತದ ಊಟಕ್ಕೆ ಒಪ್ಪುತ್ತದೆಂದು ತಿಳಿಯಬಾರದು; ಅದು ಕಹಿಯೂ ಹೌದು, ಸಾಮಾನ್ಯವಾಗಿ 6ರ ಮೇಲೂ ಹೌದು. ಅತ್ಯಂತ ಖಾರದ ಸಾರನ್ನು ಕೆಲವರು ಬೇಕೆಂದೇ ಐಪಿಎ ಜೊತೆ ಉಣ್ಣುತ್ತಾರೆ, ಉರಿ ಹೆಚ್ಚುವುದೇ ಅವರಿಗೆ ಸಂತೋಷ. ಆ ಸಂತೋಷ ನನ್ನದಲ್ಲ.

ನನಗೆ ಒಗ್ಗಿದ್ದು ಗೋಧಿಯ ಬಿಯರು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಇಂದು ಸುಲಭವಾಗಿ ಸಿಗುವ ಹೆಫೆವೈಜನ್ ಎಂಬ ಬವೇರಿಯದ ಬಗೆಯಲ್ಲಿ ಕಹಿ ಬಹಳ ಕಡಿಮೆ, ಮದ್ಯಸಾರ 5ರ ಸುತ್ತಮುತ್ತ, ಗೋಧಿಯಿಂದಾಗಿ ಗಂಜಿಯ ತಿಳಿಯಂಥ ಒಂದು ಮೃದುತ್ವ. ಅದರಲ್ಲಿ ಬರುವ ಬಾಳೆಹಣ್ಣು ಮತ್ತು ಲವಂಗದ ಪರಿಮಳಗಳನ್ನು ಯಾರೂ ಸೇರಿಸಿದ್ದಲ್ಲ, ಅವು ಆ ಯೀಸ್ಟಿನ ಕೊಡುಗೆ. ಬೆಲ್ಜಿಯಂನ ವಿಟ್ ಎಂಬ ಇನ್ನೊಂದು ಗೋಧಿ ಬಿಯರಿಗಾದರೋ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ಕುದಿಸುವಾಗಲೇ ಹಾಕುತ್ತಾರೆ. ಹುರಿದ ಕೊತ್ತಂಬರಿಯೇ ಬೆನ್ನೆಲುಬಾಗಿರುವ ನಮ್ಮ ಸಾರಿನ ಪಕ್ಕದಲ್ಲಿ ಅದನ್ನು ಕುಡಿದಾಗ, ದೂರದ ನೆಂಟರು ಎದುರಾದಾಗ ಮುಖದ ಹೋಲಿಕೆ ಹೊಳೆದಂತೆ ಆಗುತ್ತದೆ.

ಬಿಯರಿನ ನೊರೆಗುಳ್ಳೆಗಳ ವಿಷಯದಲ್ಲಿ ಎಚ್ಚರವಿರಲಿ. ತಂಪು ಖಂಡಿತ ಉಪಕಾರಿ; ಉರಿಯ ಗ್ರಾಹಕ ಬಿಸಿಯ ಗ್ರಾಹಕವೂ ಆಗಿರುವುದರಿಂದ, ಬಾಯಿ ತಣ್ಣಗಾದಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಆದರೆ ಗುಳ್ಳೆಯ ಇಂಗಾಲದ ಡೈಆಕ್ಸೈಡ್ ಬಾಯಿಯಲ್ಲಿ ಆಮ್ಲವಾಗಿ ಬದಲಾಗಿ ತನ್ನದೇ ಚುಚ್ಚುವಿಕೆಯನ್ನು ಉಂಟುಮಾಡುತ್ತದೆ. ಸಾಧಾರಣ ಖಾರಕ್ಕೆ ಆ ಚುಚ್ಚು ಜಿಡ್ಡನ್ನು ಒರೆಸಿ ಹಿತವೆನಿಸುತ್ತದೆ. ಖಾರ ಮಿತಿ ಮೀರಿದಾಗ ಗುಳ್ಳೆಗಳೇ ಸೂಜಿಗಳಾಗುತ್ತವೆ. ಹಾಗಾಗಿ ಬಿಯರನ್ನು ಬಾಟಲಿಯಿಂದ ನೇರ ಕುಡಿಯದೆ, ಲೋಟಕ್ಕೆ ಎತ್ತರದಿಂದ ಸುರಿದು ಒಂದಿಷ್ಟು ನೊರೆ ಹೋಗಲು ಬಿಡುವುದು ಒಳ್ಳೆಯದು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಯಲ್ಲಿ ಭಾವ ಮತ್ತು ಅಕ್ಕ ಬಂದಿದ್ದಾಗ ಇದನ್ನೆಲ್ಲ ಒಂದೇ ಮೇಜಿನ ಮೇಲೆ ಇಟ್ಟು ನೋಡಿದೆವು. ಒಂದು ಕಿಲೋ ಕೋಳಿಗೆ 18 ಬ್ಯಾಡಗಿ ಮತ್ತು 5 ಗುಂಟೂರು ಮೆಣಸು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಮೂರು ದೊಡ್ಡ ಚಮಚ ಕೊತ್ತಂಬರಿ, ಒಂದು ಚಿಕ್ಕ ಚಮಚ ಜೀರಿಗೆ, ಒಂದು ಚಿಕ್ಕ ಚಮಚ ಕಾಳುಮೆಣಸು, ಕಾಲು ಚಮಚ ಮೆಂತೆ, ಎಲ್ಲವನ್ನೂ ತೆಂಗಿನೆಣ್ಣೆಯಲ್ಲಿ ಬೇರೆ ಬೇರೆಯಾಗಿ ಹುರಿದು, ಬೆಳ್ಳುಳ್ಳಿ, ಅರಿಶಿನ ಮತ್ತು ಅರ್ಧ ತೆಂಗಿನಕಾಯಿಯ ತುರಿಯೊಂದಿಗೆ ನುಣ್ಣಗೆ ರುಬ್ಬಿದ್ದು. ಕೊನೆಯಲ್ಲಿ ಒಂದು ಲೋಟ ತೆಂಗಿನ ಹಾಲು. ಎದುರಿಗೆ ನಾಲ್ಕು ಲೋಟಗಳು: 8ರ ಸ್ಟ್ರಾಂಗ್ ಬಿಯರು, ಬ್ರೂಪಬ್‌ನಿಂದ ತಂದ ಗೋಧಿ ಬಿಯರು, 13.5ರ ಕೆಂಪು ವೈನ್, ಮತ್ತು ನನ್ನ ಬಳಿ ಉಳಿದಿದ್ದ ಒಂದು 8.5ರ ಕಾಬಿನೆಟ್. ಬಿಯರು ಮತ್ತು ಬಿಳಿ ವೈನನ್ನು ಫ್ರಿಜ್ಜಿನಿಂದ ಹತ್ತು ನಿಮಿಷ ಮೊದಲು ಹೊರಗಿಟ್ಟಿದ್ದೆವು, ಏಕೆಂದರೆ ತೀರಾ ಕೊರೆಯುವ ತಂಪಿನಲ್ಲಿ ಸಿಹಿಯೂ ಪರಿಮಳವೂ ಮಂಕಾಗುತ್ತವೆ.

ಪರೀಕ್ಷೆಯ ಕ್ರಮ ಇಷ್ಟೇ. ಮೊದಲು ಬರಿ ಬಾಯಲ್ಲಿ ಒಂದು ಗುಟುಕು. ನಂತರ ಸಾರಿನಲ್ಲಿ ನೆನೆದ ರೊಟ್ಟಿಯ ಎರಡು ತುತ್ತು. ಆಮೇಲೆ ಅರ್ಧ ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು. ಇದು ಮುಖ್ಯ, ಏಕೆಂದರೆ ಮೆಣಸಿನ ಉರಿ ನುಂಗಿದ ಮೇಲೆಯೂ ಏರುತ್ತಲೇ ಇರುತ್ತದೆ, ತಕ್ಷಣ ಕುಡಿದರೆ ಆ ಏರಿಕೆಯ ಅಪವಾದ ಲೋಟದ ಮೇಲೆ ಬೀಳುತ್ತದೆ. ಬಳಿಕ ಎರಡನೆಯ ಗುಟುಕು, ಅದನ್ನು ನುಂಗಿ ಹತ್ತು ಎಣಿಸುವವರೆಗೆ ಏನಾಗುತ್ತದೆಂದು ಗಮನಿಸುವುದು. ಲೋಟ ಬದಲಿಸುವ ಮೊದಲು ಬರಿಯ ಅನ್ನ, ಒಂದು ಚಮಚ ಮೊಸರು, ಐದು ನಿಮಿಷದ ಬಿಡುವು.

ಸ್ಟ್ರಾಂಗ್ ಬಿಯರು ಬಾಯಿಯಲ್ಲಿದ್ದಷ್ಟು ಹೊತ್ತು ತಂಪಾಗಿತ್ತು. ನುಂಗಿದ ನಾಲ್ಕನೆಯ ಎಣಿಕೆಗೆ ಗಂಟಲಿನಿಂದ ಬಿಸಿ ಮೇಲಕ್ಕೆ ಬಂತು. ಸ್ಟ್ರಾಂಗ್ ಬಿಟ್ಟು ಬೇರೆ ಮುಟ್ಟದ ಭಾವ ಕೂಡ "ಇದು ಉರಿ ಜಾಸ್ತಿ ಮಾಡ್ತದೆ ಮಾರಾಯ" ಎಂದು ಲೋಟ ಕೆಳಗಿಟ್ಟರು. ಕೆಂಪು ವೈನಿನದು ಕೋಬ್ಲೆಂಜಿನ ಕಥೆಯೇ, ಗಂಟಲಿಗಿಂತ ವಸಡಿನಲ್ಲಿ ಹೆಚ್ಚು. ಗೋಧಿ ಬಿಯರಿನಲ್ಲಿ ಉರಿ ಹೆಚ್ಚಲೂ ಇಲ್ಲ, ಬಹಳ ಇಳಿಯಲೂ ಇಲ್ಲ. ಆದರೆ ಲವಂಗದ ಘಮ ಮಸಾಲೆಯೊಂದಿಗೆ ಕೂಡಿಕೊಂಡು, ಸಾರು ಇನ್ನಷ್ಟು ತುಂಬಿಕೊಂಡಂತೆ ತೋರಿತು. ಕಾಬಿನೆಟ್ ಕುಡಿದಾಗ ಮಾತ್ರ ಮೂವರಿಗೂ ಉರಿ ಇಳಿದದ್ದು ಸ್ಪಷ್ಟವಾಗಿ ತಿಳಿಯಿತು. ವೈನ್ ಎಂದರೆ ಹುಳಿ ನೀರು ಎಂದು ದೂರವಿಡುತ್ತಿದ್ದ ಅಕ್ಕ, ಪಾನಕಕ್ಕೆ ನಿಂಬೆ ಮುಂದಾದಂತೆ ಇದೆ ಎಂದು ಹೇಳಿ ಇನ್ನೊಮ್ಮೆ ಸುರಿಸಿಕೊಂಡರು. ಗೋಧಿ ಬಿಯರು ಸಾರಿನ ಜೊತೆ ನಡೆಯಿತು, ಕಾಬಿನೆಟ್ ಸಾರಿಗೆ ಎದುರು ನಿಂತು ತೂಗಿತು. ಎರಡೂ ಸರಿಯೇ, ಯಾವುದು ಬೇಕೆಂಬುದು ಆ ದಿನದ ಮನಸ್ಸು.

ಉಳಿದ ಸ್ಟ್ರಾಂಗ್ ಬಿಯರನ್ನು ಚೆಲ್ಲಲಿಲ್ಲ. ಜರ್ಮನಿಯಲ್ಲಿ ರಾಡ್ಲರ್ ಎಂದು ಬಿಯರಿಗೆ ಸಿಹಿ ನಿಂಬೆ ಸೋಡಾವನ್ನು ಸಮಪಾಲು ಬೆರೆಸಿ ಕುಡಿಯುತ್ತಾರೆ. ಒಂದು ನಿಂಬೆಹಣ್ಣು, ಮೂರು ಚಮಚ ಸಕ್ಕರೆ, ಒಂದು ಬಾಟಲಿ ಸೋಡಾದಿಂದ ಶರಬತ್ತು ಮಾಡಿ ಅರ್ಧಕ್ಕರ್ಧ ಬೆರೆಸಿದಾಗ, 8ರ ಬಿಯರು 4ಕ್ಕೆ ಇಳಿಯಿತು, ಸಿಹಿ ಮತ್ತು ಹುಳಿ ಸೇರಿಕೊಂಡವು. ಮೋಸೆಲ್‌ನ ಬಾಟಲಿ ಮಾಡಿದ ಕೆಲಸದ ಮುಕ್ಕಾಲು ಪಾಲನ್ನು ಅದು ಮಾಡಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಜೋಡಣೆಗೆ ಮಿತಿಗಳಿವೆ. ಒಂದು, ಊಟದ ಸಿಹಿ ಲೋಟದ ಸಿಹಿಗಿಂತ ಹೆಚ್ಚಿರಬಾರದು. ಬೆಲ್ಲ ಮುಂದಾದ ಮೇಲೋಗರದ ಪಕ್ಕದಲ್ಲಿ ಲೀಟರಿಗೆ 10 ಗ್ರಾಂ ಸಕ್ಕರೆಯ ವೈನ್ ನಿಂಬೆ ಹಿಂಡಿದ ನೀರಾಗಿ ತೋರುತ್ತದೆ. ಹಾಗಾದರೆ ತಪ್ಪು ವೈನಿನದಲ್ಲ, ಅದು ಸಾಲದಷ್ಟು ಸಿಹಿ ಎಂದು ತಿಳಿಯಬೇಕು. ಕೊಡಗಿನ ಪಂದಿ ಕರಿಯಲ್ಲಿ ಕಾಳುಮೆಣಸಿನ ಉರಿಯ ಜೊತೆಗೆ ಕಾಚಂಪುಳಿಯ ಗಾಢ ಹುಳಿಯಿದೆ. ಹುಳಿ ಕಡಿಮೆಯಿರುವ ವೈನ್ ಅದರ ಮುಂದೆ ಸಪ್ಪೆಯಾಗುತ್ತದೆ, ಆದ್ದರಿಂದ ಅಲ್ಲಿ ರೀಸ್ಲಿಂಗೇ ಆಗಬೇಕು, ಅಥವಾ ಬಿಯರು. ಇನ್ನು ಹುಬ್ಬಳ್ಳಿ, ಗದಗಿನ ಕಡೆಯ ಸಾವಜಿ ಖಾನಾವಳಿಯ ಮಟನ್ನಿನಂಥ ಖಾರವಾದರೆ ನಾನು ಯಾವ ವೈನನ್ನೂ ತೆರೆಯುವುದಿಲ್ಲ. ಬಾಯಿ ಪೂರ್ತಿ ಹೊತ್ತಿಕೊಂಡ ಮೇಲೆ ಹಸಿರು ಸೇಬೂ ತಿಳಿಯದು, ಲವಂಗವೂ ತಿಳಿಯದು. ಆ ಊಟಕ್ಕೆ ಕೇಸಿನ್ ಇರುವ ಮಜ್ಜಿಗೆಗಿಂತ ಸಮರ್ಥವಾದದ್ದು ಬೇರೆಯಿಲ್ಲ.

ಮೋಸೆಲ್‌ನ ಬಾಟಲಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ತೆರಿಗೆ ಸೇರಿ ಬೆಲೆ ಏರಿರುತ್ತದೆ. ನಾಸಿಕ್ ಕಡೆಯಲ್ಲಿ ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿಯಿಂದ ಅರೆಸಿಹಿ ವೈನ್ ಮಾಡುತ್ತಾರೆ, ಅದು ಬೆಂಗಳೂರಿನಲ್ಲಿ ಧಾರಾಳವಾಗಿ ಸಿಗುತ್ತದೆ. ನಮ್ಮ ಬಿಸಿಲಿನಲ್ಲಿ ದ್ರಾಕ್ಷಿಯ ಸಕ್ಕರೆ ಹೆಚ್ಚುವುದರಿಂದ, ಸಿಹಿ ಉಳಿಸಿಯೂ ಅದರ ಮದ್ಯಸಾರ 12ರ ಆಸುಪಾಸಿನಲ್ಲಿರುತ್ತದೆ, ಹುಳಿಯೂ ರೀಸ್ಲಿಂಗಿನಷ್ಟಿರುವುದಿಲ್ಲ. ಹಾಗಾಗಿ ಅದನ್ನು ಕೊಳ್ಳುವ ದಿನ ನಾನು ಅಡುಗೆಯನ್ನೇ ತುಸು ಬದಲಿಸುತ್ತೇನೆ: ಗುಂಟೂರು ಮೆಣಸು ಐದರ ಬದಲು ಎರಡು, ತೆಂಗಿನ ಹಾಲು ಒಂದರ ಬದಲು ಒಂದೂವರೆ ಲೋಟ. ಬ್ಯಾಡಗಿಯ ಬಣ್ಣ ಹಾಗೆಯೇ ಇರುತ್ತದೆ, ಜಿಡ್ಡು ಖಾರದ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ. ಸಾರನ್ನು ಒಲೆಯಿಂದ ಇಳಿಸಿ ಹತ್ತು ನಿಮಿಷ ಮುಚ್ಚಿಟ್ಟು, ಹಬೆ ತಗ್ಗಿದ ಮೇಲೆ ಬಡಿಸುತ್ತೇನೆ, ಏಕೆಂದರೆ ಕುದಿಯುವ ಸಾರಿನ ಬಿಸಿಯೂ ಅದೇ ಬಾಗಿಲನ್ನೇ ತಟ್ಟುತ್ತದೆ. ಗರಿಗರಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು, ಮೇಲೆ ಸಾರು ಹೊಯ್ದು, ಅದು ಮೆತ್ತಗಾಗುವಷ್ಟರಲ್ಲಿ ಫ್ರಿಜ್ಜಿನಿಂದ ತೆಗೆದಿಟ್ಟ ವೈನ್ ಲೋಟದ ಹೊರಮೈಯಲ್ಲಿ ಬೆವರು ಮೂಡಿಸಿ, ಕುಡಿಯುವ ಹದಕ್ಕೆ ಬಂದಿರುತ್ತದೆ.